ಮಾರಾಟ ತರಬೇತಿಯ ಪಾತ್ರಾಭಿನಯ

ಹೊಸ ಮಾರಾಟಗಾರರು ನಿಜವಾದ ಗಿರಾಕಿಯನ್ನು ಎದುರಿಸುವ ಮೊದಲು, ಗಿರಾಕಿಯ ಪಾತ್ರಧಾರಿಯೊಂದಿಗೆ ನಡೆಸುವ ಅಭ್ಯಾಸ. ದಾವಣಗೆರೆ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳದ ಬೀಜ ಮಾರಾಟ ಇದಕ್ಕೆ ಒಳ್ಳೆಯ ಉದಾಹರಣೆ.

ಗಿರಾಕಿಯ ಪಾತ್ರಧಾರಿಗೆ ಕೊಡುವ ಚೀಟಿಯಲ್ಲಿ ಮೂರು ಸಂಗತಿಗಳಿರಬೇಕು: ಬಾಯಲ್ಲಿ ಹೇಳುವ ತಕರಾರು, ಮನಸ್ಸಿನಲ್ಲಿರುವ ಅಳುಕು, ಅದನ್ನು ಹೊರಗೆಡಹುವ ಪ್ರಶ್ನೆ. ಹರಿಹರದ ಗೊಬ್ಬರದಂಗಡಿ ಮಾಲೀಕನ ಪಾತ್ರವನ್ನೇ ನೋಡಿ. ಆತ ಹೇಳುವುದು, ‘ರೇಟು ಭಾಳ ಆತು’. ನಿಜವಾದ ಅಳುಕು, ಮುಂಗಾರು ಬಿತ್ತನೆ ಮುಗಿದ ಮೇಲೆ ಉಳಿಯುವ ಚೀಲಗಳನ್ನು ಕಂಪನಿ ವಾಪಸು ಪಡೆಯುವುದೇ ಎಂಬುದು. ಹೋದ ವರ್ಷ ಉಳಿದ ಮಾಲಿನ ಬಗ್ಗೆ ಕೇಳಿದರೆ ಮಾತ್ರ ಪಾತ್ರಧಾರಿ ಇದನ್ನು ಹೇಳಬೇಕು.

ಅಂಕಪಟ್ಟಿ ಕೇಳಿಸಿದ ಮಾತನ್ನಷ್ಟೇ ಅಳೆಯುತ್ತದೆ. ಉಳಿದ ಮಾಲಿನ ಬಗ್ಗೆ ಕೇಳಿದರೆ 2, ‘ಏನು ತೊಂದರೆ?’ ಎಂದಷ್ಟೇ ಕೇಳಿದರೆ 1, ಕೇಳದೆ ರಿಯಾಯಿತಿ ಕೊಟ್ಟರೆ 0. ‘ಆತ್ಮವಿಶ್ವಾಸ’ದಂಥ ಅಂಶಕ್ಕೆ ಅಂಕವಿಟ್ಟರೆ ಮಾತುಗಾರನೇ ಗೆಲ್ಲುತ್ತಾನೆ. ಭರವಸೆಗಳನ್ನು ಅಳೆಯುವ ಸಾಲಿನಲ್ಲಿ ಇಳುವರಿಯ ಖಾತರಿ ಕೊಟ್ಟವರಿಗೆ ಸೊನ್ನೆ, ಏಕೆಂದರೆ ಇಳುವರಿ ಮಳೆ, ಮಣ್ಣುಗಳನ್ನೂ ಅವಲಂಬಿಸಿದೆ.

ಇಬ್ಬರು ಪರೀಕ್ಷಕರು ಚರ್ಚೆಗೆ ಮೊದಲೇ ಬೇರೆಬೇರೆಯಾಗಿ ಅಂಕ ಬರೆಯಬೇಕು. ಒಂದೇ ಸಾಲಿಗೆ ಒಬ್ಬರು 2, ಇನ್ನೊಬ್ಬರು 0 ಕೊಟ್ಟರೆ ಆ ಸಾಲಿನ ವಿವರಣೆಯನ್ನು ತಿದ್ದಬೇಕು. ಪಾತ್ರಧಾರಿ ಒಬ್ಬರಿಗೆ ಬೇಗ ಸೋತು, ಇನ್ನೊಬ್ಬರಿಗೆ ಬಿಗಿಯಾದರೆ ಅಂಕಗಳನ್ನು ಹೋಲಿಸಲಾಗದು.