ತಟಸ್ಥೀಕರಣದ ಶಾಖ: ಆ 57 ಕಿಲೊಜೌಲ್ ಎಲ್ಲಿಂದ ಬರುತ್ತದೆ?

ಬಸವನಗುಡಿಯ ನ್ಯಾಷನಲ್ ಕಾಲೇಜಿರಲಿ, ಮಲ್ಲೇಶ್ವರದ ಎಂ.ಇ.ಎಸ್. ಕಾಲೇಜಿರಲಿ, ಪಿಯುಸಿ ವಿಜ್ಞಾನದ ಮಕ್ಕಳು ಓದುವುದು ಎನ್‌ಸಿಇಆರ್‌ಟಿ ಪಠ್ಯವನ್ನೇ. ಪ್ರಬಲ ಆಮ್ಲವೂ ಪ್ರಬಲ ಪ್ರತ್ಯಾಮ್ಲವೂ ಸೇರಿ ಒಂದು ಮೋಲ್ ನೀರು ಉಂಟಾದಾಗ ಸುಮಾರು 57 ಕಿಲೊಜೌಲ್ ಶಾಖ ಹೊರಬೀಳುತ್ತದೆ ಎಂಬುದು ಅವರಿಗೆಲ್ಲ ಬಾಯಿಪಾಠ. ಒಂದು ಬೀಕರ್, ಒಂದು ಥರ್ಮಾಮೀಟರ್ ಇಟ್ಟುಕೊಂಡು ಆ ಸಂಖ್ಯೆಯನ್ನು ತಲುಪುವುದು ಹೇಗೆ, ದುರ್ಬಲ ಆಮ್ಲಗಳಲ್ಲಿ ಅದು ಏಕೆ ಇಳಿಯುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡಬೇಕು.

## ಆಮ್ಲ ಬದಲಾದರೂ ಶಾಖ ಬದಲಾಗದು

ಹೈಡ್ರೊಕ್ಲೋರಿಕ್ ಆಮ್ಲ ನೀರಿನಲ್ಲಿ ಬೆರೆತ ಕೂಡಲೇ ಹೈಡ್ರೊಜನ್ ಅಯಾನು, ಕ್ಲೋರೈಡ್ ಅಯಾನುಗಳಾಗಿ ಬೇರ್ಪಟ್ಟಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಕೂಡ ಹಾಗೆಯೇ. ಎರಡನ್ನೂ ಬೆರೆಸಿದಾಗ ಸೋಡಿಯಂ, ಕ್ಲೋರೈಡ್ ಅಯಾನುಗಳು ಇದ್ದ ಹಾಗೆಯೇ ಉಳಿಯುತ್ತವೆ. ನಡೆಯುವ ಕ್ರಿಯೆ ಒಂದೇ:

H⁺ + OH⁻ → H₂O

ನೈಟ್ರಿಕ್ ಆಮ್ಲ ಹಾಕಿದರೂ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೂ ಕ್ರಿಯೆ ಇದೇ ಆದ್ದರಿಂದ ಶಾಖವೂ ಹೆಚ್ಚುಕಡಿಮೆ ಅಷ್ಟೇ. ದ್ರಾವಣ ತೀರ ತೆಳುವಾಗಿದ್ದರೆ 25 ಡಿಗ್ರಿಯಲ್ಲಿ ಈ ಬೆಲೆ 55.8ಕ್ಕೆ ಇಳಿಯುತ್ತದೆ. 57 ಎಂಬುದು ಪ್ರಯೋಗಾಲಯದಲ್ಲಿ ಬಳಸುವ ಗಾಢತೆಗೆ ಹೊಂದುವ ಸಂಖ್ಯೆ.

## ಬೀಕರ್ ಕುಡಿಯುವ ಶಾಖ

ಬೀಕರನ್ನು ಥರ್ಮೊಕೋಲಿನಲ್ಲಿ ಕೂರಿಸಿ, ಮುಚ್ಚಳದ ತೂತಿನಲ್ಲಿ ಥರ್ಮಾಮೀಟರ್ ಮತ್ತು ಕಲಕುವ ಕಡ್ಡಿ ಇಳಿಬಿಟ್ಟರೆ ಕ್ಯಾಲೊರಿಮೀಟರ್ ಸಿದ್ಧ. ಆದರೆ ಬೀಕರ್ ಕೂಡ ಸ್ವಲ್ಪ ಶಾಖ ಹೀರುತ್ತದೆ. ಅದನ್ನು ಮೊದಲು ಅಳೆಯಬೇಕು.

25.0 ಡಿಗ್ರಿಯ 100 ಮಿ.ಲೀ. ನೀರು ಬೀಕರಿನಲ್ಲಿದೆ ಎನ್ನೋಣ. ಅದಕ್ಕೆ 45.0 ಡಿಗ್ರಿಯ 100 ಮಿ.ಲೀ. ನೀರು ಸುರಿದಾಗ ಉಷ್ಣತೆ 34.3ಕ್ಕೆ ನಿಂತಿತು. ಬೀಕರ್ ಏನನ್ನೂ ಹೀರದಿದ್ದರೆ 35.0 ಬರಬೇಕಿತ್ತು. ಬಿಸಿನೀರು ಕಳೆದುಕೊಂಡದ್ದು ಸುಮಾರು 4,470 ಜೌಲ್. ತಣ್ಣೀರು ಪಡೆದದ್ದು 3,890. ಉಳಿದ 580 ಚಿಲ್ಲರೆ ಜೌಲ್ ಬೀಕರಿನ ಪಾಲು. ಅದು 9.3 ಡಿಗ್ರಿ ಏರಿದ್ದರಿಂದ ಒಂದು ಡಿಗ್ರಿಗೆ ಸುಮಾರು 63 ಜೌಲ್.

ಈಗ ಒಂದು ಮೋಲಾರ್ ಆಮ್ಲ 100 ಮಿ.ಲೀ., ಅಷ್ಟೇ ಗಾಢತೆಯ ಪ್ರತ್ಯಾಮ್ಲ 100 ಮಿ.ಲೀ. ಬೆರೆಸಿದಾಗ ಉಷ್ಣತೆ 6.4 ಡಿಗ್ರಿ ಏರಿತು ಎನ್ನೋಣ. ದ್ರಾವಣವನ್ನು ನೀರೆಂದೇ ಎಣಿಸಿದರೆ ಅದರದು ಡಿಗ್ರಿಗೆ 836 ಜೌಲ್. ಬೀಕರಿನ 63 ಸೇರಿಸಿ 899. ಒಟ್ಟು ಶಾಖ 5,750 ಜೌಲ್. ಉಂಟಾದ ನೀರು 0.1 ಮೋಲ್ ಆದ್ದರಿಂದ ಮೋಲಿಗೆ 57.5 ಕಿಲೊಜೌಲ್. ಬೀಕರನ್ನು ಮರೆತಿದ್ದರೆ 53.5 ಬರುತ್ತಿತ್ತು.

ಸೋಡಿಯಂ ಹೈಡ್ರಾಕ್ಸೈಡಿನಿಂದಲೂ ಲೆಕ್ಕ ಕೆಡುತ್ತದೆ. ಅದರ ಬಿಲ್ಲೆಗಳು ಕರಗುವಾಗಲೇ ಚೆನ್ನಾಗಿ ಬಿಸಿಯಾಗುತ್ತವೆ. ದ್ರಾವಣ ಆರುವ ಮುನ್ನ ಬಳಸಿದರೆ ಎರಡು ದ್ರಾವಣಗಳ ಉಷ್ಣತೆ ಬೇರೆಬೇರೆಯಾಗಿರುತ್ತದೆ. ಮಳೆಗಾಲದ ಗಾಳಿಯಲ್ಲಿ ಬಿಲ್ಲೆಗಳು ತೇವ ಹೀರಿ ಅಂಟಂಟಾಗುವುದರಿಂದ ತೂಕವನ್ನು ನಂಬುವಂತಿಲ್ಲ. ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಷನ್ ಮಾಡಿಯೇ ಗಾಢತೆಯನ್ನು ಗೊತ್ತುಮಾಡಿಕೊಳ್ಳಬೇಕು.

## ದುರ್ಬಲ ಆಮ್ಲ ಏಕೆ ಹಿಂದೆ ಬೀಳುತ್ತದೆ?

ದುರ್ಬಲ ಆಮ್ಲದಲ್ಲಿ ಬಹುಪಾಲು ಅಣುಗಳು ಒಡೆಯದೆ ಇಡಿಯಾಗಿರುತ್ತವೆ. ಇರುವ ಕೆಲವೇ ಹೈಡ್ರೊಜನ್ ಅಯಾನುಗಳನ್ನು ಪ್ರತ್ಯಾಮ್ಲ ಸೆಳೆದುಕೊಂಡಂತೆ ಉಳಿದ ಅಣುಗಳೂ ಒಡೆಯುತ್ತಾ ಹೋಗುತ್ತವೆ. ಕೊನೆಗೆ ಎಲ್ಲವೂ ತಟಸ್ಥವಾಗುತ್ತದೆ. ಆಮ್ಲ ಉಳಿದುಹೋಗುವುದರಿಂದ ಶಾಖ ಕಡಿಮೆ ಎಂದುಕೊಳ್ಳುವುದು ತಪ್ಪು. ಹಾಗೆ ಒಡೆಯಲು ಶಾಖ ಬೇಕಾದರೆ ಅದು ಹೊರಬೀಳುವ ಶಾಖದಲ್ಲೇ ಕಳೆಯುತ್ತದೆ. ಹೈಡ್ರೊಸಯನಿಕ್ ಆಮ್ಲಕ್ಕೆ ಮೋಲಿಗೆ 44 ಕಿಲೊಜೌಲಿನಷ್ಟು ಬೇಕು. ಹಾಗಾಗಿ ಹೊರಗೆ ಕಾಣುವುದು ಸುಮಾರು 12 ಮಾತ್ರ.

ಪಠ್ಯಗಳು ಸಾಮಾನ್ಯವಾಗಿ ಕೊಡುವ ಉದಾಹರಣೆ ಅಸಿಟಿಕ್ ಆಮ್ಲ, ಬೆಲೆ 55ರ ಆಸುಪಾಸು. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಆಯ್ಕೆಯಲ್ಲ. 25 ಡಿಗ್ರಿಯಲ್ಲಿ ಅದರ ಅಯಾನೀಕರಣದ ಶಾಖ ಹೆಚ್ಚುಕಡಿಮೆ ಸೊನ್ನೆ. ಮೋಲಿಗೆ 2 ಕಿಲೊಜೌಲ್ ವ್ಯತ್ಯಾಸವಿದೆ ಎಂದು ಒಪ್ಪಿದರೂ ನಮ್ಮ ಬೀಕರಿನಲ್ಲಿ ಅದು 0.2 ಡಿಗ್ರಿ. ಒಂದು ಡಿಗ್ರಿಯ ಗೆರೆಗಳಿರುವ ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿ ತಪ್ಪಿ ಓದಿದರೆ ಉತ್ತರವೇ 4.5 ಕಿಲೊಜೌಲ್ ಅತ್ತಿತ್ತ ಆಗುತ್ತದೆ.

ಹೈಡ್ರೊಫ್ಲೋರಿಕ್ ಆಮ್ಲ ದುರ್ಬಲವಾದರೂ ಅದು ಅಯಾನೀಕರಣಗೊಳ್ಳುವಾಗ ಶಾಖ ಹೊರಬೀಳುತ್ತದೆ. ಫ್ಲೋರೈಡ್ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿಯುವುದೇ ಇದಕ್ಕೆ ಮುಖ್ಯ ಕಾರಣ. ಅದರ ಬೆಲೆ 68 ದಾಟುತ್ತದೆ. ಎಂದರೆ ನಿರ್ಣಾಯಕವಾದದ್ದು ಆಮ್ಲದ ದೌರ್ಬಲ್ಯವಲ್ಲ, ಒಡೆಯುವಾಗ ಶಾಖ ಒಳಹೋಗುತ್ತದೆಯೋ ಹೊರಬರುತ್ತದೆಯೋ ಎಂಬುದು.

## ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ

ಕಾಲೇಜಿನಲ್ಲಿ ಹೋಲಿಸಿ ನೋಡಲು ಬೋರಿಕ್ ಆಮ್ಲ ತಕ್ಕದ್ದು. ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಬೋರಿಕ್ ಪುಡಿಯೇ ಅದು. ಮೋಲಿಗೆ ಸುಮಾರು 42 ಕಿಲೊಜೌಲ್ ಬರುತ್ತದೆ. ತುಂಬ ಕರಗುವುದಿಲ್ಲವಾದ್ದರಿಂದ 100 ಮಿ.ಲೀ. ದ್ರಾವಣಕ್ಕೆ 3.1 ಗ್ರಾಂ ಹಾಕಿ ಅರ್ಧ ಮೋಲಾರ್ ಮಾಡಿಕೊಳ್ಳಿ. ಅರ್ಧ ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಉಷ್ಣತೆಯನ್ನು 3 ಡಿಗ್ರಿಗಿಂತ ತುಸು ಹೆಚ್ಚೇ ಏರಿಸಿದರೆ ಇದು 2.3ರ ಹತ್ತಿರ ನಿಲ್ಲುತ್ತದೆ. 0.1 ಡಿಗ್ರಿ ಓದಬಲ್ಲ ಥರ್ಮಾಮೀಟರ್ ಕೇಳಿ ಪಡೆಯಿರಿ, ರೆಕಾರ್ಡಿನಲ್ಲಿ 57.1 ಎಂದು ಬರೆಯದೆ, ನಿಮ್ಮ ಬೀಕರ್ ಕೊಟ್ಟ ಸಂಖ್ಯೆಯನ್ನೇ ಬರೆಯಿರಿ.