ಆರನೇ ಪದದ ಒಂದಕ್ಷರ

ಪ್ರೋಗ್ರಾಮಿನಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ಬಯ್ಯುತ್ತೆ. ನಮ್ಮ ರಕ್ತದಲ್ಲಿ ಬಯ್ಯೋರು ಯಾರೂ ಇಲ್ಲ. ಸಿಕಲ್ ಸೆಲ್ ಅನ್ನೋ ರಕ್ತಹೀನತೆಯ ಚರಿತ್ರೆ ಓದುವಾಗ ನನ್ನನ್ನು ಹಿಡಿದಿಟ್ಟಿದ್ದು ಇದೇ.

1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡು ವರದಿ ಬರೆದರು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು, ಈ ರೋಗಿಗಳ ಹಿಮೋಗ್ಲೋಬಿನ್ನಿನ ವಿದ್ಯುದಾವೇಶವೇ ಬೇರೆ ಅಂತ ತೋರಿಸಿದರು. ಆದರೆ ವ್ಯತ್ಯಾಸ ಎಲ್ಲಿದೆ?

ಕೇಂಬ್ರಿಡ್ಜಿನಲ್ಲಿ ವರ್ನನ್ ಇನ್‌ಗ್ರಾಮ್ ಹಿಮೋಗ್ಲೋಬಿನ್ನನ್ನು ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಕಾಗದದ ಮೇಲೆ ಚುಕ್ಕೆಗಳಾಗಿ ಹರಡಿದರು. ಒಂದೇ ಒಂದು ಚುಕ್ಕೆ ಜಾಗ ಬದಲಿಸಿತ್ತು. 1957ರಲ್ಲಿ ಉತ್ತರ ಸಿಕ್ಕಿತು: ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿತ್ತು. ಅದು 146 ಅಮೈನೋ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯದು. ವ್ಯಾಲೀನಿಗೆ ನೀರು ಆಗಿಬರೋಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನುಗಳು ಅದರಿಂದಾಗಿ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ, ಕಣ ಬಾಗುತ್ತದೆ.

ಆಗ ಜೀನಿನ ಲಿಪಿ ಯಾರಿಗೂ ಗೊತ್ತಿರಲಿಲ್ಲ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯಿ ಮೊದಲ ಪದ ಓದಿದರು. 1966ರ ಹೊತ್ತಿಗೆ ಪೂರ್ತಿ ಪಟ್ಟಿ ಸಿದ್ಧವಾಯಿತು. ಮೂರಕ್ಷರದ 64 ಪದಗಳು. ಅವುಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳಿಗೆ, ಉಳಿದ 3 ಪೂರ್ಣವಿರಾಮಕ್ಕೆ. ಅಂದರೆ ಒಂದೇ ಅರ್ಥಕ್ಕೆ ಹಲವು ಪದ. ಗ್ಲುಟಾಮಿಕ್ ಆಮ್ಲಕ್ಕೆ ಎರಡು, ವ್ಯಾಲೀನಿಗೆ ನಾಲ್ಕು. ಹಾಗಾಗಿ ಪ್ರೋಟೀನ್ ನೋಡಿ ಡಿಎನ್‌ಎಯ ಪದ ಇದೇ ಅಂತ ಹೇಳಲಾಗದು. ದಾರಿ ಒಂದೇ ದಿಕ್ಕಿನದು. ಮಧ್ಯದ A ಹೋಗಿ T ಬಂದಿದೆ ಅಂತ ಪಟ್ಟಿಯಿಂದ ಊಹಿಸಬಹುದಿತ್ತು, ಮೂರನೇ ಅಕ್ಷರ ಮಾತ್ರ ಗುಟ್ಟಾಗೇ ಉಳಿದಿತ್ತು. ಜೀನನ್ನೇ ಓದಿದ ಮೇಲೆ ಗೊತ್ತಾಗಿದ್ದು ಇದು:

```
CCT GAG GAG AAG   ಸರಿಯಾದದ್ದು
CCT GTG GAG AAG   ಸಿಕಲ್ ಸೆಲ್
CCT GAA GAG AAG   ಏನೂ ಆಗೋಲ್ಲ
CCT GGG AGA AG.   ಒಂದು A ಬಿದ್ದುಹೋದಾಗ
```

ಮೂರನೇ ಸಾಲು ನೋಡಿ. ಅಲ್ಲೂ ಒಂದಕ್ಷರ ಬದಲಾಗಿದೆ, ಆದರೆ GAA ಕೂಡ ಗ್ಲುಟಾಮಿಕ್ ಆಮ್ಲವೇ. ಪ್ರೋಟೀನಿಗೆ ಸುದ್ದಿಯೇ ಮುಟ್ಟೋಲ್ಲ.

ನಾಲ್ಕನೆಯದರಲ್ಲಿ ಅಕ್ಷರ ಬದಲಾಗಿಲ್ಲ, ಕಳೆದೇ ಹೋಗಿದೆ. ಮುಂದಿನ ಪದಗಳೆಲ್ಲ ಒಂದೊಂದು ಅಕ್ಷರ ಸರಿದು ಓದಿಸಿಕೊಳ್ಳುತ್ತವೆ. ಹಾಗೇ ಓದುತ್ತಾ ಹೋದರೆ 18ನೇ ಪದ TGA, ಅಂದರೆ ಪೂರ್ಣವಿರಾಮ! 1961ರಲ್ಲಿ ಕ್ರಿಕ್, ಬ್ರೆನ್ನರ್ ಮತ್ತಿತರರು ವೈರಸ್ಸಿನಲ್ಲಿ ಇಂಥ ಮೂರು ಸೇರ್ಪಡೆ ಒಟ್ಟಾದರೆ ಓದು ಮತ್ತೆ ಸರಿಹೋಗುವುದನ್ನು ಕಂಡೇ ಪದಕ್ಕೆ ಮೂರಕ್ಷರ ಅಂತ ವಾದಿಸಿದ್ದು.

ಓದು ಸರಿಯದೆಯೂ ವಿರಾಮ ಬೀಳಬಹುದು. 1979ರಲ್ಲಿ ಚಾಂಗ್ ಮತ್ತು ಕಾನ್, ಬೀಟಾ ಥಲಸೀಮಿಯಾ ರೋಗಿಯೊಬ್ಬರಲ್ಲಿ 17ನೇ ಪದ AAG ಹೋಗಿ TAG ಆಗಿರುವುದನ್ನು ಪತ್ತೆಮಾಡಿದರು. ಅಲ್ಲಿಗೆ ಸರಪಳಿ ನಿಂತುಹೋಗುತ್ತದೆ. ಆ ಜೀನಿನಿಂದ ಬಳಕೆಗೆ ಬರುವ ಬೀಟಾ ಸರಪಳಿ ಇಲ್ಲವೇ ಇಲ್ಲ.

ವಿಚಿತ್ರ ನೋಡಿ: ಸಿಕಲ್ ಸೆಲ್‌ನಲ್ಲಿ ಪ್ರೋಟೀನ್ ಪೂರ್ತಿ ತಯಾರಾಗುತ್ತದೆ, ಆಮ್ಲಜನಕವನ್ನೂ ಹೊರುತ್ತದೆ. ತೊಂದರೆ ಇರುವುದು ಅದರ ಅಂಟು ಗುಣದಲ್ಲಿ. ಥಲಸೀಮಿಯಾದಲ್ಲಿ ತೊಂದರೆ ಪ್ರೋಟೀನೇ ಇಲ್ಲದಿರುವುದು. ಎರಡೂ ಒಂದೇ ಜೀನಿನ ಒಂದಕ್ಷರದ ಕಥೆ.