ಬ್ಯಾಟರಿ ನೀರು

ಸೀಸ-ಆಮ್ಲ ಬ್ಯಾಟರಿಗೆ ತುಂಬುವ ಬಟ್ಟಿ ಇಳಿಸಿದ ನೀರು. ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್. ಶಿಕಾರಿಪುರ, ಸೊರಬದ ಮನೆಗಳ ಇನ್ವರ್ಟರ್‌ಗೂ ಹೊಲದ ಟ್ರ್ಯಾಕ್ಟರ್‌ಗೂ ಇದೇ ಬೇಕು. ಚಾರ್ಜ್ ಆಗುವಾಗ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಹೊರಹೋಗುತ್ತದೆ; ಗಂಧಕಾಮ್ಲ ಒಳಗೇ ಉಳಿಯುತ್ತದೆ. ಆದ್ದರಿಂದ ಕಳೆದುಹೋದ ನೀರನ್ನಷ್ಟೇ ತುಂಬಬೇಕು. ಹೊಸ ಆಸಿಡ್ ಸುರಿದರೆ ದ್ರಾವಣ ಗಾಢವಾಗಿ ಸೀಸದ ಜಾಲರಿ ಬೇಗ ಸವೆಯುತ್ತದೆ. ಹೈಡ್ರೋಮೀಟರ್ ಇದನ್ನು ತೋರಿಸುತ್ತದೆ: ಪೂರ್ಣ ಚಾರ್ಜ್‌ನಲ್ಲಿ ಸುಮಾರು 1.25ರಿಂದ 1.28 ಇರಬೇಕಾದ ಸಾಪೇಕ್ಷ ಸಾಂದ್ರತೆ ಅದಕ್ಕೂ ಮೇಲೇರುತ್ತದೆ. ಬ್ಯಾಟರಿ ಉರುಳಿ ಆಸಿಡ್ ಚೆಲ್ಲಿದ್ದರೆ ಮಾತ್ರ ಆಸಿಡ್ ಬೇಕು, ಅದೂ ಮೆಕ್ಯಾನಿಕ್ ಕೈಯಿಂದ.

ಬೋರ್‌ವೆಲ್ ಅಥವಾ ನಲ್ಲಿ ನೀರಿನ ಕಬ್ಬಿಣ, ಕ್ಲೋರೈಡ್ ಆವಿಯಾಗುವುದಿಲ್ಲ. ಪ್ರತಿ ಸಲವೂ ಸೇರುತ್ತ ಹೋಗುತ್ತವೆ. ಕಬ್ಬಿಣದಿಂದ, ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ. ಪ್ಲೇಟ್ ಮುಳುಗಿದ್ದರೆ ಚಾರ್ಜ್ ಮುಗಿದ ಮೇಲೆಯೇ ಗುರುತಿನವರೆಗೆ ನೀರು ತುಂಬಿ.